ಹೊಸ 4060 ಹಾಕಿದ ಮೇಲೂ ಫ್ರೇಮ್ ಅಲ್ಲೇ ಉಂಟು: ಐ5-6500 ಜೊತೆ ಎಂತ ಮಾಡುದು?

ಸುರತ್ಕಲ್_ರಿಗ್

ಎಲ್ಲರಿಗೂ ನಮಸ್ಕಾರ. ನನ್ನ ಸಿಸ್ಟಮ್ ಐ5-6500, ಎಚ್110 ಬೋರ್ಡ್, ಡಿಡಿಆರ್4 16 ಜಿಬಿ (ಒಂದೇ ಸ್ಟಿಕ್), ಸಾಟಾ ಎಸ್‌ಎಸ್‌ಡಿ, 1080ಪಿ 144 ಹರ್ಟ್ಸ್ ಮಾನಿಟರ್, ವಿಂಡೋಸ್ 10. ಹಳೇ ಜಿಟಿಎಕ್ಸ್ 1060 ತೆಗೆದು ಆರ್‌ಟಿಎಕ್ಸ್ 4060 ಹಾಕಿದ್ದೇನೆ. ಸೈಬರ್‌ಪಂಕ್ 2077ರಲ್ಲಿ ಹಳೇ ಕಾರ್ಡಿಗೆ ಮೀಡಿಯಂನಲ್ಲಿ 44 ಬರ್ತಿತ್ತು. ಈಗ ಹೈನಲ್ಲಿ 48. ಡಿಎಲ್‌ಎಸ್‌ಎಸ್ ಕ್ವಾಲಿಟಿ ಹಾಕಿದರೂ 48, ಪರ್ಫಾರ್ಮೆನ್ಸ್ ಹಾಕಿದರೂ 48. ಕಾರ್ಡ್ ಬಳಕೆ 55 ಶೇಕಡಾದ ಆಸುಪಾಸು. ಜನ ಜಾಸ್ತಿ ಇರುವ ಕಬುಕಿ ಮಾರ್ಕೆಟಿಗೆ ಹೋದರೆ 30ಕ್ಕೆ ಇಳಿದು ತಡವರಿಸ್ತದೆ.

ಅಂಗಡಿಯವರು ಪವರ್ ಸಪ್ಲೈ ಬದಲಿಸಿ ಅಂತಾರೆ. ಒಂದು ಬಾಟಲ್‌ನೆಕ್ ಲೆಕ್ಕ ಹಾಕುವ ಸೈಟ್ 41% ಅಂತ ತೋರಿಸ್ತದೆ. ಕಾರ್ಡೇ ಹಾಳಾ? ವಾಪಸ್ ಕೊಡಲಿಕ್ಕೆ ಇನ್ನು ನಾಲ್ಕು ದಿನ ಉಂಟು.

ಬಂದರ್_ಬೈಟ್

ಕಾರ್ಡ್ ಸರಿ ಉಂಟು ಮಾರಾಯ್ರೆ. ತೊಂದರೆ ಪಿಸಿಐಇ. 4060ಗೆ ಇರುವುದೇ 8 ಲೇನ್, ಅದೂ 4.0 ಕಾರ್ಡ್. ನಿಮ್ಮ ಎಚ್110ರಲ್ಲಿ 3.0. ಅಲ್ಲಿಗೆ ದಾರಿ ಅರ್ಧ ಆಯ್ತು, ಫ್ರೇಮೂ ಅರ್ಧ. 16 ಲೇನ್ ಇರುವ 4070 ತಗೊಂಡಿದ್ದರೆ ಹೀಗೆ ಆಗ್ತಿರಲಿಲ್ಲ.

ಮಣ್ಣಗುಡ್ಡೆ_ಬೆಂಚ್

ಬಂದರ್ ಅವರು ಹೇಳಿದ್ದರಲ್ಲಿ ಲೇನಿನ ಲೆಕ್ಕ ಸರಿ, ತೀರ್ಮಾನ ಸರಿಯಲ್ಲ. 3.0ರಲ್ಲಿ 8 ಲೇನ್ ಅಂದರೆ ಸೆಕೆಂಡಿಗೆ ಸುಮಾರು 7.9 ಜಿಬಿ. ಆಟಕ್ಕೆ ಬೇಕಾದ ಟೆಕ್ಸ್ಚರ್ ಎಲ್ಲ ಕಾರ್ಡಿನ 8 ಜಿಬಿ ಒಳಗೆ ಹಿಡಿಸಿದರೆ ಆ ದಾರಿ ಅಷ್ಟು ತುಂಬುವುದಿಲ್ಲ, ನಷ್ಟ ಸಣ್ಣದು. 8 ಜಿಬಿ ಮೀರಿ ಸಿಸ್ಟಮ್ ರ‍್ಯಾಮಿಗೆ ಚೆಲ್ಲಿದಾಗ ಮಾತ್ರ ದೊಡ್ಡ ಪೆಟ್ಟು. ಈ ಕೇಸಿನಲ್ಲಿ 4070 ಹಾಕಿದರೂ 48ರ ಹತ್ತಿರವೇ ಬರುವುದು. ಯಾಕೆ ಅಂತ ಹೇಳ್ತೇನೆ.

ಪ್ರತಿ ಫ್ರೇಮಿಗೂ ಎರಡು ಕೆಲಸ. ಮೊದಲು ಪ್ರೊಸೆಸರ್ ಯಾರು ಎಲ್ಲಿದ್ದಾರೆ, ಯಾವ ಗಾಡಿ ಎತ್ತ ತಿರುಗಿತು, ಯಾವುದನ್ನು ಬಿಡಿಸಬೇಕು ಅಂತ ಲೆಕ್ಕ ಮಾಡಿ ಕಾರ್ಡಿಗೆ ಪಟ್ಟಿ ಕಳಿಸ್ತದೆ. ಕಾರ್ಡ್ ಆ ಪಟ್ಟಿ ನೋಡಿ ಚಿತ್ರ ಬಿಡಿಸ್ತದೆ. ಕಾರ್ಡ್ ಈ ಫ್ರೇಮನ್ನು ಬಿಡಿಸುವಾಗಲೇ ಪ್ರೊಸೆಸರ್ ಮುಂದಿನದ್ದನ್ನು ತಯಾರಿ ಮಾಡ್ತಿರ್ತದೆ. ಹಾಗಾಗಿ ಎರಡು ಸಮಯವನ್ನು ಕೂಡಿಸುವುದಲ್ಲ, ಯಾವುದು ನಿಧಾನವೋ ಅದೇ ನಿಮ್ಮ ಫ್ರೇಮ್ ಸಮಯ. ಹಿಟ್ಟು ರುಬ್ಬುವ ಕಲ್ಲು ಒಂದೇ ಇದ್ದು ಕಾವಲಿ ನಾಲ್ಕು ಇಟ್ಟರೆ ನೀರ್‌ದೋಸೆ ಬೇಗ ಆಗ್ತದಾ? ಮೂರು ಕಾವಲಿ ಸುಮ್ಮನೆ ಕಾಯ್ತಿರ್ತವೆ.

ಡಿಎಲ್‌ಎಸ್‌ಎಸ್ ಹಾಕಿದರೂ 48 ಅಂದಿರಲ್ಲ, ಅಲ್ಲೇ ಅರ್ಧ ಉತ್ತರ ಉಂಟು. ಅದು ಹಗುರ ಮಾಡುವುದು ಕಾರ್ಡಿನ ಕೆಲಸವನ್ನು. ಕಾರ್ಡಿನ ಹೊರೆ ಇಳಿದರೂ ಫ್ರೇಮ್ ಏರದಿದ್ದರೆ ಕಾರ್ಡ್ ಯಾರಿಗೋ ಕಾಯ್ತಾ ಉಂಟು ಅಂತ ಅರ್ಥ.

ಆದರೂ ಊಹೆ ಬೇಡ, ಅಳೆದು ನೋಡುವ. ಮೊದಲು ಆಟದಲ್ಲಿ ವಿ-ಸಿಂಕ್ ಆಫ್ ಮಾಡಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಿನ Max Frame Rate ಆಫ್ ಮಾಡಿ, ರಿವಾಟ್ಯೂನರಿನಲ್ಲಿ ಹಳೇ ಲಿಮಿಟ್ ಉಳಿದಿದ್ದರೆ ಸೊನ್ನೆ ಮಾಡಿ. ಎಲ್ಲೋ ಒಂದು ಮಿತಿ ಹಾಕಿಟ್ಟು ಮರೆತು, ಕಾರ್ಡ್ ಬಳಕೆ ಕಡಿಮೆ ಅಂತ ದೂರುವವರು ತುಂಬಾ ಜನ. ಆಮೇಲೆ ಇಂಟೆಲಿನ ಪ್ರೆಸೆಂಟ್‌ಮಾನ್ ಹಾಕಿಕೊಳ್ಳಿ. ಧರ್ಮಕ್ಕೆ ಸಿಗ್ತದೆ, ಯಾವ ಕಂಪನಿಯ ಕಾರ್ಡಿಗೂ ಆಗ್ತದೆ. ಕಮಾಂಡಿನಲ್ಲಿ ಓಡಿಸುವುದಾದರೆ ಅಡ್ಮಿನ್ ಆಗಿ ತೆರೆದು:

```
PresentMon.exe --process_name Cyberpunk2077.exe --timed 60 --output_file kabuki.csv
```

ಫೈಲ್ ಹೆಸರಿನಲ್ಲಿ ಆವೃತ್ತಿ ಸಂಖ್ಯೆಯೂ ಇರ್ತದೆ, ನಿಮ್ಮಲ್ಲಿ ಇಳಿದ ಹೆಸರನ್ನೇ ಹಾಕಿ. ಒಂದೇ ಸೇವ್, ಒಂದೇ ದಾರಿ, 60 ಸೆಕೆಂಡ್ ನಡಿಗೆ, ಮೂರು ಸಲ, ಪ್ರತಿ ಸಲ csv ಹೆಸರು ಬದಲಿಸಿ. ಮೊದಲನೆಯದನ್ನು ಬಿಟ್ಟುಬಿಡಿ, ಅದರಲ್ಲಿ ಲೋಡಿಂಗಿನ ತಡವರಿಕೆ ಸೇರಿಕೊಂಡಿರ್ತದೆ. ತೊಂದರೆ ಕೊಡುವ ಕಬುಕಿಯಲ್ಲೇ ಅಳೆಯಿರಿ, ಖಾಲಿ ರಸ್ತೆಯಲ್ಲಿ ಅಲ್ಲ. ಬಂದ ಫೈಲಿನಲ್ಲಿ ಫ್ರೇಮ್ ಸಮಯ ಮತ್ತು ಕಾರ್ಡ್ ದುಡಿದ ಸಮಯ ತೋರಿಸುವ GPU Busy ಎರಡರ ಸರಾಸರಿ ಇಲ್ಲಿ ಹಾಕಿ.

ಕಾಪು_4ಕೆ

ಇಷ್ಟೆಲ್ಲ ಯಾಕೆ? 4ಕೆ ಮಾನಿಟರ್ ತಗೊಳ್ಳಿ, ಬಾಟಲ್‌ನೆಕ್ ಹೋಗ್ತದೆ. ನನ್ನ ಹಳೇ ಐ7ರಲ್ಲಿ ಕಾರ್ಡ್ 99 ಶೇಕಡಾ ಓಡ್ತಾ ಉಂಟು.

ಮಣ್ಣಗುಡ್ಡೆ_ಬೆಂಚ್

ಹೋಗುವುದಿಲ್ಲ ಕಾಪು ಅವರೇ, ಕಾಣುವುದಿಲ್ಲ ಅಷ್ಟೇ. ಪ್ರೊಸೆಸರ್ 48 ಪಟ್ಟಿ ಕೊಡುವಾಗ ಕಾರ್ಡಿಗೆ ಕಷ್ಟದ ಚಿತ್ರ ಕೊಟ್ಟು ಅದನ್ನೂ 48ಕ್ಕೋ 40ಕ್ಕೋ ಇಳಿಸಿದ್ದೀರಿ. ಶೇಕಡಾ 99 ಬಂತು, ಫ್ರೇಮ್ ಒಂದೂ ಹೆಚ್ಚಲಿಲ್ಲ. ನಿಮ್ಮ ಮಾತಿನಲ್ಲಿ ಒಂದು ಉಪಯೋಗದ ವಿಷಯ ಇಲ್ಲದಿಲ್ಲ. ಕಾರ್ಡ್ ಸುಮ್ಮನೆ ಕೂತಿರುವಾಗ ಟೆಕ್ಸ್ಚರ್, ನೆರಳಿನ ರೆಸಲ್ಯೂಶನ್ ಏರಿಸಿದರೆ, ಪೂರ್ತಿ ರೆಸಲ್ಯೂಶನ್ನಿನಲ್ಲೇ ಅಂಚು ನಯ ಮಾಡುವ ಡಿಎಲ್‌ಎಎ ಹಾಕಿದರೆ ಫ್ರೇಮ್ ಇಳಿಯುವುದಿಲ್ಲ, ಚಿತ್ರ ಚಂದ ಆಗ್ತದೆ. ಅದು ಬಿಟ್ಟಿ ಲಾಭ.

ಸುರತ್ಕಲ್_ರಿಗ್

ಅಳೆದೆ. ವಿ-ಸಿಂಕ್ ಆಫೇ ಇತ್ತು, ಲಿಮಿಟ್ ಎಲ್ಲೂ ಇಲ್ಲ. ಮೂರು ಸಲದ್ದು ಹೆಚ್ಚುಕಡಿಮೆ ಒಂದೇ.

1080ಪಿ ಹೈ, ಡಿಎಲ್‌ಎಸ್‌ಎಸ್ ಇಲ್ಲದೆ: ಫ್ರೇಮ್ ಸಮಯ 20.8 ಮಿಲಿಸೆಕೆಂಡ್, GPU Busy 11.
ಡಿಎಲ್‌ಎಸ್‌ಎಸ್ ಕ್ವಾಲಿಟಿ: ಫ್ರೇಮ್ ಸಮಯ 20.7, GPU Busy 7.6.

ಪ್ರೊಸೆಸರ್ ಬಳಕೆ ನಾಲ್ಕು ಕೋರಿನಲ್ಲೂ 97ರಿಂದ 100. ಅತಿ ಕೆಟ್ಟ 1 ಶೇಕಡಾ ಫ್ರೇಮುಗಳು 29 ಎಫ್‌ಪಿಎಸ್.

ಮಣ್ಣಗುಡ್ಡೆ_ಬೆಂಚ್

ಇನ್ನು ಅನುಮಾನ ಇಲ್ಲ. 1000ವನ್ನು 20.8ರಿಂದ ಭಾಗಿಸಿದರೆ 48, ನೀವು ನೋಡುವ ಸಂಖ್ಯೆ ಅದೇ. 1000ವನ್ನು 11ರಿಂದ ಭಾಗಿಸಿದರೆ ಸುಮಾರು 91. ಅಂದರೆ ಪಟ್ಟಿ ಬೇಗ ಸಿಕ್ಕಿದ್ದರೆ ನಿಮ್ಮ ಕಾರ್ಡ್ ಇದೇ ಜಾಗದಲ್ಲಿ 90ರ ಹತ್ತಿರ ಬಿಡಿಸ್ತಿತ್ತು. ಪ್ರತಿ ಫ್ರೇಮಿನಲ್ಲಿ 11 ಮಿಲಿಸೆಕೆಂಡ್ ದುಡಿದು ಹತ್ತತ್ತಿರ 10 ಕಾಯ್ತದೆ. ಕಾರ್ಡ್ ವಾಪಸ್ ಕೊಡಬೇಡಿ. ಪವರ್ ಸಪ್ಲೈಯೂ ಕಾರಣ ಅಲ್ಲ, 4060 ತಿನ್ನುವುದೇ 115 ವ್ಯಾಟ್. ಸಪ್ಲೈ ಸಾಲದಿದ್ದರೆ ಸಾಮಾನ್ಯವಾಗಿ ಆಟದ ಮಧ್ಯೆ ಸಿಸ್ಟಮ್ ಆಫ್ ಆಗ್ತದೆ ಇಲ್ಲ ರೀಸ್ಟಾರ್ಟ್ ಆಗ್ತದೆ, ಹೀಗೆ ಶಿಸ್ತಿನಲ್ಲಿ 48ಕ್ಕೆ ನಿಲ್ಲುವುದಿಲ್ಲ.

ಆ ಸೈಟಿನ 41%ಗೆ ಅರ್ಥವೇ ಇಲ್ಲ. ಯಾವ ಆಟ, ಯಾವ ಸೆಟ್ಟಿಂಗ್, ಯಾವ ಜಾಗ ಅಂತ ಅದು ನೋಡುವುದಿಲ್ಲ. ಇದೇ ಜೋಡಿ ಇನ್ನೊಂದು ಆಟದಲ್ಲಿ ಕಾರ್ಡಿನ ಕಡೆಯಿಂದಲೇ ನಿಲ್ಲಬಹುದು.

ಬಳಕೆಯ ಶೇಕಡಾ ನೋಡಿ ಮೋಸ ಹೋಗಬೇಡಿ. 55 ಶೇಕಡಾ ಅಂದರೆ ಕಾರ್ಡ್ ಆ ಹೊತ್ತಿನಲ್ಲಿ ಅಷ್ಟು ಸಮಯ ಕೆಲಸದಲ್ಲಿತ್ತು ಅಂತ, ಅಷ್ಟು ಶಕ್ತಿ ಬಳಸಿತು ಅಂತ ಅಲ್ಲ. ಹೊರೆ ಕಡಿಮೆ ಇದ್ದಾಗ ಕಾರ್ಡ್ ತನ್ನ ಕ್ಲಾಕನ್ನೂ ಇಳಿಸ್ತದೆ. ಕ್ಲಾಕ್ ಇಳಿದು ಶೇಕಡಾ 80 ತೋರಿಸಿದರೂ ಅದು ಕಾಯುತ್ತಲೇ ಇರಬಹುದು. ಅದಕ್ಕೇ ಮಿಲಿಸೆಕೆಂಡ್ ಕೇಳಿದ್ದು.

ಬೈಂದೂರು_ಬಸ್

ನನ್ನದು ಐ7-4790, ನಾಲ್ಕು ಕೋರ್ ಎಂಟು ಥ್ರೆಡ್. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರ್ 60 ಶೇಕಡಾ ದಾಟುವುದೇ ಇಲ್ಲ. ಕಾರ್ಡ್ ಆರ್ಕ್ ಬಿ580, ಅದೂ 60. ಇಬ್ಬರೂ ಸುಮ್ಮನೆ ಕೂತಿದ್ದಾರೆ. ಹಾಗಾದ್ರೆ ನನ್ನಲ್ಲಿ ಬಾಟಲ್‌ನೆಕ್ ಯಾರು?

ಮಣ್ಣಗುಡ್ಡೆ_ಬೆಂಚ್

ಪ್ರೊಸೆಸರೇ. ಆ 60 ಎಂಟು ಥ್ರೆಡ್ಡಿನ ಸರಾಸರಿ. ಆಟದ ಮುಖ್ಯ ಥ್ರೆಡ್ ಒಂದೇ ಪೂರ್ತಿ ದಣಿದರೂ ಒಟ್ಟು ಲೆಕ್ಕದಲ್ಲಿ ಅದು 12.5 ಶೇಕಡಾ ಮಾತ್ರ. ಉಳಿದ ಥ್ರೆಡ್ಡುಗಳು ಖಾಲಿ ಇದ್ದರೂ ಆ ಒಂದರ ಕೆಲಸವನ್ನು ಹಂಚಿಕೊಳ್ಳಲಿಕ್ಕೆ ಆಗದಿದ್ದರೆ ಫ್ರೇಮ್ ಅಲ್ಲೇ ನಿಲ್ತದೆ. ಅದರ ಮೇಲೆ ವಿಂಡೋಸ್ ಆ ಥ್ರೆಡ್ಡನ್ನು ಒಂದು ಕೋರಿನಿಂದ ಇನ್ನೊಂದಕ್ಕೆ ದಾಟಿಸ್ತಾ ಇರ್ತದೆ, ಹಾಗಾಗಿ ಗ್ರಾಫಿನಲ್ಲಿ ಯಾವ ಕೋರೂ 100 ಕಾಣದೆ ಇರಬಹುದು.

ನಿಮ್ಮ ಜೋಡಿಗೆ ಇನ್ನೊಂದು ಕಷ್ಟ. ಬಿ580ಗೆ ರೀಸೈಜಬಲ್ ಬಾರ್ ಬೇಕೇ ಬೇಕು, ಆ ಕಾಲದ ಬೋರ್ಡುಗಳಲ್ಲಿ ಅದು ಇಲ್ಲ. ಜೊತೆಗೆ ಅದರ ಡ್ರೈವರ್ ಪ್ರೊಸೆಸರ್ ಮೇಲೆ ಹೆಚ್ಚು ಹೊರೆ ಹಾಕ್ತದೆ ಅಂತ 2025ರ ಆರಂಭದಲ್ಲೇ ಪರೀಕ್ಷೆ ಮಾಡಿದವರು ತೋರಿಸಿದ್ದಾರೆ. ಹೊಸ ಪ್ರೊಸೆಸರ್ ಜೊತೆ ಚಂದ ಓಡುವ ಕಾರ್ಡ್ ಅದು, ಹಳೆಯದರ ಜೊತೆ ತಕ್ಕ ಜೋಡಿ ಅಲ್ಲ. ವಾಪಸ್ ಕೊಡುವ ಅವಕಾಶ ಇದ್ದರೆ ನಿಮ್ಮ ಕೇಸಿನಲ್ಲಿ ಕೊಡಿ. ಹೆಚ್ಚು ಮಾತಾಡಬೇಕಾದರೆ ಬೇರೆ ಥ್ರೆಡ್ ತೆರೆಯಿರಿ ಮಾರಾಯ್ರೆ, ಇಲ್ಲಿ ಎರಡು ಕೇಸು ಕಲಸಿ ಹೋಗ್ತದೆ.

ಮಣಿಪಾಲ_ಲ್ಯಾಬ್

ಸುರತ್ಕಲ್ ಅವರೇ, ಹೊಸ ಪ್ರೊಸೆಸರ್ ಕೊಳ್ಳುವ ಮೊದಲು ಕೈಯಲ್ಲಿರುವುದರಿಂದ ಎಷ್ಟು ಹಿಂಡಬಹುದು ನೋಡಿ. ಮೂರು ಕಡೆ ನೋಡುವುದುಂಟು.

ಮೊದಲನೆಯದು ಆ ಒಂಟಿ ಸ್ಟಿಕ್. ಎಚ್110ರಲ್ಲಿ ನಿಮ್ಮ ಚಿಪ್‌ಗೆ ರ‍್ಯಾಮ್ 2133ರ ಮೇಲೆ ಓಡುವುದಿಲ್ಲ, 3200 ಅಂತ ಬರೆದ ಸ್ಟಿಕ್ ಹಾಕಿದರೂ ಅಷ್ಟೇ. ಒಂದೇ ಸ್ಟಿಕ್ ಅಂದರೆ ಸೆಕೆಂಡಿಗೆ 17 ಜಿಬಿ, ಎರಡು ಹಾಕಿದರೆ 34. ಆಟದ ಲೆಕ್ಕಾಚಾರ ಮೆಮೊರಿಯಲ್ಲಿ ಅಲ್ಲಿಇಲ್ಲಿ ಹಾರುವ ಕೆಲಸ, ದಾರಿ ಕಿರಿದಾದರೆ ಕೋರ್ 100 ಶೇಕಡಾ ತೋರಿಸುತ್ತಲೇ ಒಳಗೆ ಡೇಟಾಕ್ಕೆ ಕಾಯ್ತಿರ್ತದೆ. ಇನ್ನೊಂದು 16 ಸಿಕ್ಕಿದರೆ ಒಳ್ಳೆಯದು. ಸೆಕೆಂಡ್ ಹ್ಯಾಂಡ್ 8 ಜಿಬಿ ಸಿಕ್ಕಿದರೂ ನಡೀತದೆ. ಮೊದಲ 8+8 ಜೋಡಿಯಾಗಿ ಓಡಿ, ಉಳಿದ 8 ಒಂಟಿಯಾಗಿ ಓಡ್ತದೆ. ಕೊಳ್ಳುವ ಮೊದಲು ನಿಮ್ಮದು ನಿಜವಾಗಿ ಡಿಡಿಆರ್4 ಬೋರ್ಡೇನಾ ನೋಡಿ. ಎಚ್110ರಲ್ಲಿ ಡಿಡಿಆರ್3 ತಗೊಳ್ಳುವ ಮಾದರಿಗಳೂ ಉಂಟು. ಹಾಕಿದ ಮೇಲೆ ಸಿಪಿಯು-ಝಡ್ಡಿನ Memory ಪುಟದಲ್ಲಿ Dual ಅಂತ ಬಂದಿದೆಯಾ ಖಾತ್ರಿ ಮಾಡಿ. ಹಳೇ ಬೋರ್ಡಿನ ಸ್ಲಾಟಿನಲ್ಲಿ ನಮ್ಮ ಕಡೆಯ ಉಪ್ಪುಗಾಳಿಗೆ ಸಣ್ಣ ಪದರ ಕೂತು ಎರಡನೇ ಸ್ಟಿಕ್ ಕಾಣಿಸದೆ ಇರುವುದುಂಟು. ಸ್ಟಿಕ್ಕಿನ ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಒಣಗಿದ ಮೇಲೆ ಹಾಕಿ.

ಎರಡನೆಯದು ವಿಂಡೋಸಿನ ಮೆಮೊರಿ ಇಂಟೆಗ್ರಿಟಿ, ಕೆಟ್ಟ ಡ್ರೈವರ್ ಒಳಗೆ ನುಗ್ಗದ ಹಾಗೆ ಕಾಯುವ ರಕ್ಷಣೆ. `msinfo32` ತೆರೆದು Virtualization-based security Services Running ಎದುರು Hypervisor enforced Code Integrity ಅಂತ ಉಂಟಾ ನೋಡಿ. ಈ ರಕ್ಷಣೆಗೆ ಬೇಕಾದ ಒಂದು ಹಾರ್ಡ್‌ವೇರ್ ಸೌಲಭ್ಯ ಇಂಟೆಲಿನಲ್ಲಿ ಬಂದದ್ದು 7ನೇ ತಲೆಮಾರಿನಿಂದ. ನಿಮ್ಮ 6ನೇ ತಲೆಮಾರಿನಲ್ಲಿ ಅದನ್ನು ಸಾಫ್ಟ್‌ವೇರಿನಲ್ಲೇ ಅನುಕರಿಸಬೇಕು, ಹಾಗಾಗಿ ನಿಮಗೆ ಅದರ ಬೆಲೆ ಜಾಸ್ತಿ.

ಮೂರನೆಯದು ಬಿಸಿ. ಎಚ್‌ಡಬ್ಲ್ಯುಇನ್ಫೊ ತೆರೆದಿಟ್ಟು ಆಡಿ. ಕ್ಲಾಕ್ 3.2 ಗಿಗಾಹರ್ಟ್ಸಿನ ಕೆಳಗೆ ಇಳಿದರೆ ಅಥವಾ Thermal Throttling ಎದುರು Yes ಬಂದರೆ ಪೇಸ್ಟ್ ಒಣಗಿದೆ, ಇಲ್ಲ ಕೂಲರಿನ ನಾಲ್ಕು ಪಿನ್‌ಗಳಲ್ಲಿ ಒಂದು ಸಡಿಲ ಆಗಿದೆ.

ಬಂದರ್_ಬೈಟ್

ರಕ್ಷಣೆ ಆಫ್ ಮಾಡಿ ಅಂತ ಸಲಹೆ ಕೊಡುವುದು ಸರಿಯಾ? ಅದೇ ಸಿಸ್ಟಮಿನಲ್ಲಿ ಬ್ಯಾಂಕ್ ಕೆಲಸ ಮಾಡುವವರು ಇರ್ತಾರೆ. ವಿಂಡೋಸ್ 10ಗೆ 2025ರ ಅಕ್ಟೋಬರ್ 14ಕ್ಕೆ ಬೆಂಬಲವೂ ಮುಗಿದಿದೆ.

ಮಣಿಪಾಲ_ಲ್ಯಾಬ್

ನಾನು ನೋಡಿ ಅಂದೆ, ಆಫ್ ಮಾಡಿ ಅನ್ನಲಿಲ್ಲ. ಆದರೂ ನಿಮ್ಮ ಮಾತು ಸರಿ. ಕ್ರ್ಯಾಕ್ ಮಾಡಿದ ಆಟ, ಎಲ್ಲೆಲ್ಲಿಂದಲೋ ಇಳಿಸಿದ ಡ್ರೈವರ್ ಹಾಕುವವರು ಅದನ್ನು ಆನ್ ಇಟ್ಟುಕೊಳ್ಳುವುದೇ ಒಳ್ಳೆಯದು.

ಸುರತ್ಕಲ್_ರಿಗ್

ಹಂಪನಕಟ್ಟೆಯಲ್ಲಿ ಹುಡುಕಿ ಇನ್ನೊಂದು 16 ಜಿಬಿ ಸ್ಟಿಕ್ ಹಾಕಿದೆ. ಮೊದಲ ಸಲ ಕಾಣಲಿಲ್ಲ, ಅಂಚು ಒರೆಸಿದ ಮೇಲೆ ಕಂಡಿತು. ಈಗ Dual ಉಂಟು. ಕಬುಕಿಯಲ್ಲಿ ಸರಾಸರಿ 48ರಿಂದ 53, 1 ಶೇಕಡಾ 29ರಿಂದ 35.

ಮೆಮೊರಿ ಇಂಟೆಗ್ರಿಟಿ ಆನ್ ಇತ್ತು. ಪರೀಕ್ಷೆಗೆ ಅಂತ ಆಫ್ ಮಾಡಿ ರೀಸ್ಟಾರ್ಟ್ ಮಾಡಿದೆ, 57 ಬಂತು. ಆದರೆ ಇದರಲ್ಲೇ ಅಪ್ಪನ ಬ್ಯಾಂಕ್ ಕೆಲಸ ಆಗುವುದು, ಹಾಗಾಗಿ ವಾಪಸ್ ಆನ್ ಮಾಡಿದ್ದೇನೆ. ಅಂದರೆ 53. ಬಿಸಿ 71 ಡಿಗ್ರಿ, ಕ್ಲಾಕ್ 3.3ರಲ್ಲಿ ನಿಂತಿದೆ, ಅಲ್ಲಿ ತೊಂದರೆ ಇಲ್ಲ.

ಆದರೆ ತಡವರಿಕೆ ಪೂರ್ತಿ ಹೋಗಲಿಲ್ಲ. ಗಾಡಿ ಜೋರಾಗಿ ಓಡಿಸಿದರೆ ರಸ್ತೆ ಬದಿಯ ಕಟ್ಟಡ ಮೊದಲು ಮಸುಕಾಗಿ ಬಂದು ಆಮೇಲೆ ಸರಿಯಾಗ್ತದೆ. ಒಮ್ಮೊಮ್ಮೆ ಧ್ವನಿಯೂ ಕಟ್ ಆಗ್ತದೆ.

ಮಣ್ಣಗುಡ್ಡೆ_ಬೆಂಚ್

ಆ ಮಸುಕು, ಆ ಧ್ವನಿ ಎರಡೂ ಒಂದೇ ರೋಗದ ಲಕ್ಷಣ. ನಿಮ್ಮಲ್ಲಿ ಥ್ರೆಡ್ ನಾಲ್ಕೇ. ಮಿತಿ ಇಲ್ಲದೆ ಬಿಟ್ಟರೆ ಆಟ ಮುಂದಿನ ಫ್ರೇಮ್, ಮುಂದಿನ ಫ್ರೇಮ್ ಅಂತ ನಾಲ್ಕನ್ನೂ ತಿಂದು ಹಾಕ್ತದೆ. ಎಸ್‌ಎಸ್‌ಡಿಯಿಂದ ಟೆಕ್ಸ್ಚರ್ ತಂದು ಬಿಡಿಸಿಡುವ ಕೆಲಸ, ಧ್ವನಿಯ ಕೆಲಸ, ಡ್ರೈವರಿನ ಕೆಲಸ ಎಲ್ಲ ಸರತಿಯಲ್ಲಿ ನಿಲ್ತವೆ. ಅವು ಒಟ್ಟಿಗೆ ನುಗ್ಗಿದ ಕ್ಷಣದಲ್ಲಿ ಫ್ರೇಮ್ ಜಗ್ಗಿ ಹೋಗ್ತದೆ. ಎಂಟು ಥ್ರೆಡ್ ಇದ್ದವರಿಗೆ ಸರಾಸರಿಗಿಂತ ಹೆಚ್ಚಾಗಿ ಈ 1 ಶೇಕಡಾದಲ್ಲಿ ವ್ಯತ್ಯಾಸ ಕಾಣುವುದು ಇದಕ್ಕೇ. 2.0 ಅಪ್‌ಡೇಟಿನ ಕಾಲಕ್ಕೆ ಆಟದ ತಯಾರಕರು ಕನಿಷ್ಠ ಪ್ರೊಸೆಸರನ್ನು ಐ7-6700ಕ್ಕೆ ಏರಿಸಿದ್ದಾರೆ. ನಿಮ್ಮದು ಅದರ ಕೆಳಗೆ ಉಂಟು.

ಮದ್ದು ವಿಚಿತ್ರ ಅನಿಸಬಹುದು: ಫ್ರೇಮ್ ಕಡಿಮೆ ಮಾಡಿ. ರಿವಾಟ್ಯೂನರಿನಲ್ಲಿ Framerate limit 48 ಹಾಕಿ. ಯಾಕೆ 48 ಅಂದರೆ ನಿಮ್ಮ ಮಾನಿಟರ್ 144, ಅದನ್ನು ಮೂರರಿಂದ ಭಾಗಿಸಿದರೆ 48. ಪ್ರತಿ ಫ್ರೇಮೂ ಸರಿಯಾಗಿ ಮೂರು ರಿಫ್ರೆಶ್ ನಿಲ್ತದೆ, ಚಲನೆ ಸಮ ಇರ್ತದೆ. 60 ಹರ್ಟ್ಸ್ ಮಾನಿಟರಿನಲ್ಲಿ 48 ಹಾಕಿದರೆ ಕೆಲವು ಫ್ರೇಮ್ ಒಂದು ಸಲ, ಕೆಲವು ಎರಡು ಸಲ ನಿಂತು ಇನ್ನೂ ಹಾಳಾಗ್ತಿತ್ತು. ಅವರಿಗೆ 30 ಇಲ್ಲ 60, ಮಧ್ಯದ್ದು ಬೇಡ.

ಜೊತೆಗೆ ಪ್ರೊಸೆಸರಿಗೆ ಭಾರ ಆಗುವ ಸೆಟ್ಟಿಂಗ್ ಮಾತ್ರ ಇಳಿಸಿ. Crowd Density ಕಡಿಮೆಗೆ ಇಡಿ, ಪ್ರತಿ ಮನುಷ್ಯನಿಗೂ ನಡಿಗೆ, ದಾರಿ, ಡಿಕ್ಕಿಯ ಲೆಕ್ಕ ಉಂಟು. ರೇ ಟ್ರೇಸಿಂಗ್ ಪೂರ್ತಿ ಆಫ್. ಅದು ಕಾರ್ಡಿನ ಕೆಲಸ ಮಾತ್ರ ಅಂತ ಹೆಚ್ಚಿನವರು ತಿಳಿದಿದ್ದಾರೆ. ಬೆಳಕು ಬಡಿಯುವ ವಸ್ತುಗಳ ಪಟ್ಟಿಯನ್ನು ಪ್ರತಿ ಫ್ರೇಮಿಗೂ ಸಿದ್ಧ ಮಾಡಿ ಕೊಡಬೇಕಾದದ್ದು ಪ್ರೊಸೆಸರ್, ಪರದೆಯಲ್ಲಿ ಕಾಣದ ವಸ್ತುಗಳೂ ಆ ಪಟ್ಟಿಗೆ ಬರ್ತವೆ. ಟೆಕ್ಸ್ಚರ್ ಹೈ ಇರಲಿ. ಡಿಎಲ್‌ಎಸ್‌ಎಸ್ ತೆಗೆದು ಡಿಎಲ್‌ಎಎ ಹಾಕಿ, ಕಾರ್ಡಿಗೆ ಹೇಗೂ ಪುರುಸೊತ್ತು ಉಂಟಲ್ಲ.

ಕಾಪು_4ಕೆ

ಫ್ರೇಮ್ ಜನರೇಶನ್ ಒತ್ತಿದರೆ ಮುಗೀತಲ್ವಾ? 48 ಹೋಗಿ 90 ಆಗ್ತದೆ. 4060 ತಗೊಳ್ಳುವುದೇ ಅದಕ್ಕೆ.

ಮಣಿಪಾಲ_ಲ್ಯಾಬ್

ಇದನ್ನು ತಳ್ಳಿ ಹಾಕುವ ಹಾಗಿಲ್ಲ. ಡಿಎಲ್‌ಎಸ್‌ಎಸ್ ಅಪ್‌ಸ್ಕೇಲಿಂಗ್ ಇಲ್ಲಿ ಸೋತರೂ ಫ್ರೇಮ್ ಜನರೇಶನ್ ಸೋಲುವುದಿಲ್ಲ. ನಡುವಿನ ಫ್ರೇಮನ್ನು ಕಾರ್ಡೇ ಕಲ್ಪಿಸಿ ಬಿಡಿಸ್ತದೆ, ಆಟದ ಲೆಕ್ಕವನ್ನು ಪ್ರೊಸೆಸರ್ ಹೊಸದಾಗಿ ಮಾಡುವುದಿಲ್ಲ. ನಿಮ್ಮ ಕಾರ್ಡಿನಲ್ಲಿ ಕಾಯುವ ಸಮಯ ಬೇಕಾದಷ್ಟು ಉಂಟು, ಆ ಸಮಯ ಉಪಯೋಗಕ್ಕೆ ಬರ್ತದೆ. ಒಬ್ಬನೇ ಕೂತು ಆಡುವ ಕಥೆಯ ಆಟಕ್ಕೆ ನಾನು ಆನ್ ಮಾಡುವುದಕ್ಕೇ ಹೇಳುವವ.

ಮಣ್ಣಗುಡ್ಡೆ_ಬೆಂಚ್

ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕಣ್ಣಿಗೆ 90 ಕಂಡರೂ ಮೌಸ್ ಒತ್ತಿದ್ದಕ್ಕೆ ಆಟ ಉತ್ತರ ಕೊಡುವುದು 45ರ ಲೆಕ್ಕದಲ್ಲೇ, ಅದಕ್ಕಿಂತ ಸ್ವಲ್ಪ ತಡವಾಗಿ. ಯಾಕೆಂದರೆ ನಡುವಿನದ್ದನ್ನು ಕಲ್ಪಿಸಲಿಕ್ಕೆ ಮುಂದಿನ ನಿಜವಾದ ಫ್ರೇಮ್ ಬರುವ ತನಕ ಕಾಯಬೇಕು. ಮೂಲ ಫ್ರೇಮ್ ಜಗ್ಗಿದ ಜಾಗದಲ್ಲಿ ಕಲ್ಪಿಸಿದ್ದೂ ಜಗ್ಗುತ್ತದೆ. ಮೊದಲು ತಡವರಿಕೆ ಸರಿಯಾಗಲಿ, ಆಮೇಲೆ ಬೇಕಾದರೆ ಇದನ್ನು ಹಾಕಿ. ವ್ಯಾಲೊರೆಂಟ್, ಸಿಎಸ್2 ತರಹದ ಆಟಕ್ಕಂತೂ ಇದು ಮದ್ದೇ ಅಲ್ಲ.

ಮಣಿಪಾಲ_ಲ್ಯಾಬ್

ಕಂಟ್ರೋಲರ್ ಹಿಡಿದು ಆಡುವವರಿಗೆ ಆ ತಡ ಅಷ್ಟು ತಿಳಿಯುವುದಿಲ್ಲ. ಇದು ಅವರವರ ಕೈಗೆ ಬಿಟ್ಟದ್ದು.

ಸುರತ್ಕಲ್_ರಿಗ್

48ರ ಲಿಮಿಟ್, ಜನಸಂದಣಿ ಕಡಿಮೆ, ರೇ ಟ್ರೇಸಿಂಗ್ ಆಫ್, ಡಿಎಲ್‌ಎಎ. ಈಗ ಸರಾಸರಿ 47.6, 1 ಶೇಕಡಾ 42. ಪ್ರೊಸೆಸರ್ 80ರಿಂದ 88 ಶೇಕಡಾದಲ್ಲಿ ಓಡ್ತಾ ಉಂಟು. ಧ್ವನಿ ಕಟ್ ಆಗುವುದು ನಿಂತಿತು. ಸಂಖ್ಯೆ 53ರಿಂದ ಕೆಳಗೆ ಬಂದರೂ ಆಡಲಿಕ್ಕೆ ಇದೇ ಚಂದ, ನಂಬಲಿಕ್ಕೆ ಕಷ್ಟ. ಫ್ರೇಮ್ ಜನರೇಶನ್ ನೋಡಿದೆ, ಗಾಡಿ ಓಡಿಸುವಾಗ ಒಳ್ಳೆಯದಿತ್ತು, ಗುರಿ ಇಡುವಾಗ ಕೈಗೆ ಭಾರ ಅನಿಸಿತು.

ಕಾರ್ಡ್ ಇಟ್ಟುಕೊಳ್ತೇನೆ. ಮುಂದಿನ ಪ್ರಶ್ನೆ: ಇದೇ ಬೋರ್ಡಿಗೆ ಸೆಕೆಂಡ್ ಹ್ಯಾಂಡ್ ಐ5-8400 ಸಿಕ್ತಾ ಉಂಟು, ಆರು ಕೋರ್. ಸಾಕೆಟ್ ಅದೇ 1151. ಹಾಕಬಹುದಾ?

ಬೈಂದೂರು_ಬಸ್

ಹಾಕಿ ಹಾಕಿ, ಸಾಕೆಟ್ ಸರಿ ಉಂಟಲ್ಲ.

ಮಣ್ಣಗುಡ್ಡೆ_ಬೆಂಚ್

ಹಾಕಬೇಡಿ! ಚಿಪ್ ಕೂರ್ತದೆ, ಸಿಸ್ಟಮ್ ಏಳುವುದಿಲ್ಲ. 8ನೇ ತಲೆಮಾರಿಗೆ 300 ಸರಣಿಯ ಬೋರ್ಡ್ ಬೇಕು, ಹೆಸರು 1151 ಆದರೂ ಪಿನ್ನಿನ ಹಂಚಿಕೆ ಬೇರೆ. ಎಚ್110ಕ್ಕೆ ಕೊನೆ ಅಂದರೆ 7ನೇ ತಲೆಮಾರು, ಅದರಲ್ಲಿ ಐ7-7700 ನೋಡಿ. ಅದಕ್ಕೂ ಬಯೋಸ್ ಅಪ್‌ಡೇಟ್ ಬೇಕಾಗಬಹುದು, ಅದನ್ನು ಈಗಿನ 6500 ಬೋರ್ಡಿನಲ್ಲಿ ಇರುವಾಗಲೇ ಮಾಡಿ. ಮೊದಲೇ ಚಿಪ್ ಬದಲಿಸಿದರೆ ಕಪ್ಪು ಪರದೆ ನೋಡ್ತಾ ಕೂರಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗುವ ಹೊತ್ತಿಗೆ ಬಯೋಸ್ ಮುಟ್ಟಬೇಡಿ, ಯುಪಿಎಸ್ ಇದ್ದರೆ ಮಾತ್ರ.

7700ರಿಂದ ನಿಮಗೆ ಎರಡು ಲಾಭ. ಥ್ರೆಡ್ ಎಂಟು, ಕ್ಲಾಕ್ 4.2ರವರೆಗೆ. ಆ ಮೆಮೊರಿ ಇಂಟೆಗ್ರಿಟಿಯ ಪೆಟ್ಟೂ ಕಡಿಮೆ ಆಗ್ತದೆ, 7ನೇ ತಲೆಮಾರಿನಲ್ಲಿ ಆ ಸೌಲಭ್ಯ ಉಂಟು ಅಂತ ಮಣಿಪಾಲದವರು ಆಗಲೇ ಹೇಳಿದರು. ಬೇರೆ ಯಾವುದನ್ನೂ ಬದಲಿಸಬೇಕಾಗಿಲ್ಲ, ಅರ್ಧ ಗಂಟೆಯ ಕೆಲಸ.

ಮಣಿಪಾಲ_ಲ್ಯಾಬ್

ಹತ್ತು ವರ್ಷ ಹಳೇ ಬೋರ್ಡಿಗೆ ಇನ್ನೂ ದುಡ್ಡು ಹಾಕುವುದಾ? ಹಳೇ ಐ7ಗೆ ಸೆಕೆಂಡ್ ಹ್ಯಾಂಡಿನಲ್ಲೂ ಬೆಲೆ ಇಳಿಯುವುದಿಲ್ಲ, ನಿಮ್ಮ ಹಾಗೆ ಕೊನೆಯ ಅಪ್‌ಗ್ರೇಡ್ ಹುಡುಕುವವರು ತುಂಬಾ ಜನ ಇದ್ದಾರೆ. ಐ5-12400ಎಫ್ ಮತ್ತು ಡಿಡಿಆರ್4 ತಗೊಳ್ಳುವ ಎಚ್610 ಬೋರ್ಡ್ ನೋಡಿ. ನಿಮ್ಮ ಎರಡು ಸ್ಟಿಕ್ ಹಾಗೇ ಅಲ್ಲಿಗೆ ಹೋಗ್ತವೆ. 2133ರದ್ದೇ ಆದರೆ ನಿಧಾನ ಹೌದು, ಆದರೂ ಇವತ್ತಿಗೆ ನಡೀತದೆ. ಆರು ಕೋರ್ ಹನ್ನೆರಡು ಥ್ರೆಡ್, ಒಂದೊಂದು ಕೋರೂ ತುಂಬಾ ಚುರುಕು, 4060ಗೆ ಪಿಸಿಐಇ 4.0 ದಾರಿಯೂ ಸಿಗ್ತದೆ. ಬೋರ್ಡ್ ಆರಿಸುವಾಗ ಡಿಡಿಆರ್4, ಡಿಡಿಆರ್5 ಎರಡರ ಎಚ್610ಗಳೂ ಉಂಟು ಅನ್ನುವುದು ನೆನಪಿರಲಿ.

ಹಳೇ ವಿಂಡೋಸ್ ಇರುವ ಎಸ್‌ಎಸ್‌ಡಿಯನ್ನೇ ಕೊಂಡುಹೋಗುವುದಾದರೆ ಒಂದು ಗಂಟು ಉಂಟು. `msinfo32`ನಲ್ಲಿ BIOS Mode ಎದುರು Legacy ಇದ್ದರೆ ಹೊಸ ಬೋರ್ಡಿನಲ್ಲಿ ಬೂಟ್ ಆಗದೆ ಇರಬಹುದು. ಬೇಕಾದದ್ದನ್ನೆಲ್ಲ ಬ್ಯಾಕಪ್ ಮಾಡಿ, ಹಳೇ ಸಿಸ್ಟಮಿನಲ್ಲೇ ಅಡ್ಮಿನ್ ಕಮಾಂಡಿನಲ್ಲಿ ಮೊದಲು ಪರೀಕ್ಷೆ, ಅದು ಪಾಸಾದರೆ ಪರಿವರ್ತನೆ:

```
mbr2gpt /validate /allowFullOS
mbr2gpt /convert /allowFullOS
```

ಇದಾದ ಮೇಲೆ ಹಳೇ ಬೋರ್ಡಿನಲ್ಲೂ ಯುಇಎಫ್‌ಐ ಮೋಡಿಗೆ ಬದಲಿಸದೆ ಅದು ಏಳುವುದಿಲ್ಲ, ಹೆದರಬೇಡಿ.

ಬಂದರ್_ಬೈಟ್

ನನ್ನ ಲೆಕ್ಕ ಬೇರೆ. 60 ಹರ್ಟ್ಸಿನವರಿಗೆ 7700 ಸಾಕು. ಇವರದ್ದು 144, 12400ಎಫ್ ಹಾಕಿದರೆ ಮಾತ್ರ ಆ ಮಾನಿಟರಿಗೆ ಅರ್ಥ ಬರ್ತದೆ.

ಮಣ್ಣಗುಡ್ಡೆ_ಬೆಂಚ್

ಅವರು ಆಡುವುದು ಯಾವ ಆಟ ಅಂತ ನೋಡದೆ ನಾನು ಹಾಗೆ ಹೇಳಲಾರೆ. 12400ಎಫ್ ಬಂದ ಮೇಲೆ ಕಬುಕಿಯಲ್ಲಿ ನಿಲ್ಲಿಸುವುದು ಕಾರ್ಡ್, ಅದು ಹೈನಲ್ಲಿ 90ರ ಹತ್ತಿರ. 144 ಮುಟ್ಟಬೇಕಾದರೆ ಆಗ ಡಿಎಲ್‌ಎಸ್‌ಎಸ್ ಕೆಲಸಕ್ಕೆ ಬರ್ತದೆ. ಈಗ ಸುಮ್ಮನಿದ್ದ ಸೆಟ್ಟಿಂಗ್ ಆಗ ಮುಖ್ಯ ಆಗ್ತದೆ, ಅಡ್ಡಿ ಜಾಗ ಬದಲಿಸ್ತದೆ ಅಷ್ಟೇ.

ಸುರತ್ಕಲ್_ರಿಗ್

7700 ಒಂದು ಉಡುಪಿಯಲ್ಲಿ ಸಿಗುವ ಹಾಗೆ ಉಂಟು, ಕೊಡುವವರು ಚಿಪ್ ಮಾತ್ರ ಕೊಡ್ತಾರೆ, ಓಡಿಸಿ ತೋರಿಸುವುದಿಲ್ಲ ಅಂತಾರೆ. ನನ್ನ ಬೋರ್ಡನ್ನೇ ಹೊತ್ತುಕೊಂಡು ಹೋಗಿ ಅಲ್ಲೇ ಹಾಕಿ ನೋಡುವುದಾದರೆ ಬಯೋಸಿನಲ್ಲಿ ಎಂತ ನೋಡಿದರೆ ಸಾಕು?

ಮಣ್ಣಗುಡ್ಡೆ_ಬೆಂಚ್

ಮೊದಲು ಮನೆಯಲ್ಲಿ ಬಯೋಸ್ ಅಪ್‌ಡೇಟ್ ಮಾಡಿ, 6500ರಲ್ಲಿ ಎದ್ದು ಬರ್ತದಾ ನೋಡಿ ಹೋಗಿ. ಅಲ್ಲಿ ಹಾಕುವ ಮೊದಲು ಚಿಪ್ಪಿನ ಅಡಿಯ ಚಿನ್ನದ ಬಿಂದುಗಳಲ್ಲಿ ಕಪ್ಪು ಸುಟ್ಟ ಗುರುತು ಉಂಟಾ ನೋಡಿ, ಸಾಕೆಟ್ಟಿನ ಪಿನ್ ಮುಟ್ಟಬೇಡಿ. ಎದ್ದ ಮೇಲೆ ಬಯೋಸಿನಲ್ಲಿ ಹೆಸರು ಸರಿಯಾಗಿ ಬರಬೇಕು, ಎರಡು ಸ್ಟಿಕ್ಕೂ ಕಾಣಬೇಕು. ಒಂದು ಸ್ಟಿಕ್ ಮಾತ್ರ ಕಂಡರೆ ಮೆಮೊರಿಯ ಒಂದು ಚಾನೆಲ್ ಹೋಗಿರಬಹುದು, ಅದನ್ನು ತರಬೇಡಿ. ಕೂಲರ್, ಪೇಸ್ಟ್ ಮರೆಯಬೇಡಿ, ಕೂಲರ್ ಇಲ್ಲದೆ ಬಯೋಸ್ ತನಕವೂ ಓಡಿಸಬಾರದು. ಸಾಧ್ಯ ಆದರೆ ಎಸ್‌ಎಸ್‌ಡಿಯೂ ಕೊಂಡುಹೋಗಿ ಹತ್ತು ನಿಮಿಷ ಸಿಪಿಯು-ಝಡ್ಡಿನ Stress ಓಡಿಸಿ.

ಮಣಿಪಾಲ_ಲ್ಯಾಬ್

ಓಡಿಸಿ ತೋರಿಸುವುದಿಲ್ಲ ಅನ್ನುವವರ ಹತ್ತಿರ ನಾನಾದರೆ ತಗೊಳ್ಳುವುದಿಲ್ಲ. ಬೋರ್ಡ್ ಹೊತ್ತುಕೊಂಡು ಬಸ್ಸಿನಲ್ಲಿ ಹೋಗುವುದಾದರೆ ಆಂಟಿ-ಸ್ಟ್ಯಾಟಿಕ್ ಕವರಿನಲ್ಲಿ ಹಾಕಿ, ಈ ಮಳೆಗೆ ಮೇಲೆ ಇನ್ನೊಂದು ಪ್ಲಾಸ್ಟಿಕ್ ಇರಲಿ.